ಮೂಗಿನಿಂದ ಗಂಟಲಿಗೆ ಇಳಿಯುವ ಸಿಂಬಳ, ನಿಲ್ಲದ ಕೆಮ್ಮು

ಪ್ರಶ್ನೆ: ಬೆಳಿಗ್ಗೆ ಎದ್ದ ಕೂಡಲೇ ಸಾಲು ಸೀನು, ಮಲಗಿದರೆ ಕೆಮ್ಮು, ಗಂಟಲಲ್ಲಿ ಏನೋ ಅಂಟಿಕೊಂಡ ಹಾಗೆ. ಕೆಮ್ಮಿನ ಸಿರಪ್ ಕುಡಿದರೂ ಹೋಗ್ತಿಲ್ಲ, ಯಾಕೆ?

ಸೀನೂ ಇದೆ ಅಂದ್ರೆ ತೊಂದರೆ ಮೂಗಿನದ್ದೇ ಇರಬಹುದು, ಸಿರಪ್ ಅಲ್ಲಿಗೆ ತಲುಪುವುದೇ ಇಲ್ಲ. ಮೂಗಿನ ಸಿಂಬಳವನ್ನು ನಾವು ದಿನವೂ ಗೊತ್ತಿಲ್ಲದೆ ನುಂಗುತ್ತೇವೆ. ಹಾಸಿಗೆ, ದಿಂಬಿನ ಧೂಳಿಗೆ ಅಲರ್ಜಿ ಇದ್ದರೆ ಅದು ಜಾಸ್ತಿಯಾಗಿ ಮೂಗಿನ ಹಿಂಭಾಗದಿಂದ ಗಂಟಲಿಗೆ ಇಳಿಯುತ್ತದೆ, ಮಲಗಿದಾಗ ಅಲ್ಲೇ ನಿಂತು ಕೆಮ್ಮು ಎಬ್ಬಿಸುತ್ತದೆ. ಪದೇ ಪದೇ ಖ್ಯಾಕರಿಸಿದರೆ ಗಂಟಲು ಇನ್ನಷ್ಟು ಕೆರಳುತ್ತದೆ. ಖ್ಯಾಕರಿಸಬೇಕು ಅನಿಸಿದಾಗ ಒಂದು ಗುಟುಕು ನೀರು ನುಂಗಿ.

ಮೊದಲು ಉಪ್ಪುನೀರಿನಿಂದ ಮೂಗು ತೊಳೆಯಿರಿ: ಕುದಿಸಿ ಆರಿಸಿದ ಒಂದು ಲೋಟ ನೀರಿಗೆ ಅರ್ಧ ಟೀ ಚಮಚ ಅಯೋಡಿನ್ ಇಲ್ಲದ ಉಪ್ಪು. ನಲ್ಲಿ ನೀರು ನೇರವಾಗಿ ಬೇಡವೇ ಬೇಡ, ಅಪರೂಪಕ್ಕೆ ಅಪಾಯಕಾರಿ ಅಮೀಬಾ ಮಿದುಳಿಗೇರಬಹುದು.

ಡಾಕ್ಟರು ಫ್ಲುಟಿಕಾಸೋನ್‌ನಂಥ ಸ್ಪ್ರೇ ಕೊಟ್ಟರೆ ತೊಳೆದ ಮೇಲೆ ಹಾಕಿ. ತುದಿ ಮೂಗಿನ ನಡುಗೋಡೆಗಲ್ಲ, ಅದೇ ಬದಿಯ ಕಿವಿಯ ಕಡೆಗಿರಲಿ, ಉಸಿರು ಜೋರಾಗಿ ಎಳೆಯಬೇಡಿ. ಗಂಟಲಲ್ಲಿ ಔಷಧಿಯ ರುಚಿ ಬಂತಾ? ಹಾಗಾದರೆ ಅದು ಹೊಟ್ಟೆಗೆ ಹೋಯಿತು. ಪೂರ್ತಿ ಗುಣ ಕಾಣಲು ಒಂದೆರಡು ವಾರ ಬೇಕು. ತುಂಬಾ ಜನ ಮೂರೇ ದಿನಕ್ಕೆ ಬಿಟ್ಟು ಕೂರುತ್ತಾರೆ. ತಕ್ಷಣ ಮೂಗು ಬಿಡಿಸುವ ಆಕ್ಸಿಮೆಟಾಜೋಲಿನ್ ಹನಿ ಬೇರೆ, ಅದನ್ನು ಮೂರು ದಿನ ಮೀರಿಸಿದರೆ ಮೂಗು ಮತ್ತೆ ಕಟ್ಟುತ್ತದೆ.

ಎದೆಯುರಿ ಇದ್ದರೆ ಕಾರಣ ಆಸಿಡಿಟಿಯೂ ಇರಬಹುದು. ರಾಮಿಪ್ರಿಲ್‌ನಂಥ ಬಿಪಿ ಮಾತ್ರೆಯಿಂದಲೂ ಒಣಕೆಮ್ಮು ಬರುತ್ತದೆ. ಕೆಮ್ಮು ಎರಡು ವಾರ ದಾಟಿದರೆ ಕಫ ಪರೀಕ್ಷೆ ಮಾಡಿಸಿ, ನಮ್ಮಲ್ಲಿ ಟಿಬಿ ಇನ್ನೂ ಇದೆ. ರಕ್ತ, ಉಬ್ಬಸ, ಜ್ವರ ಅಥವಾ ಒಂದೇ ಹೊಳ್ಳೆಯಿಂದ ಕೆಟ್ಟ ವಾಸನೆಯ ಸಿಂಬಳ ಬಂದರೆ ಕಾಯಬೇಡಿ.