ಕೇದಾರಕಂಠದ ಹಿಮಕ್ಕೆ ಎಂಥ ಗ್ಲೌಸ್ ಕೊಳ್ಳಬೇಕು?

ಪ್ರಶ್ನೆ: ಡಿಸೆಂಬರ್ ಕೊನೆಗೆ ಕೇದಾರಕಂಠ ಚಾರಣಕ್ಕೆ ಹೊರಟಿದ್ದೇನೆ. ಹೋದ ವರ್ಷ ಮನಾಲಿಯಲ್ಲಿ ವಾಟರ್‌ಪ್ರೂಫ್ ಅಂತ ಬರೆದಿದ್ದ ದಪ್ಪ ಗ್ಲೌಸ್ ಹಾಕಿದ್ದರೂ ಮಧ್ಯಾಹ್ನಕ್ಕೆ ಕೈ ಒದ್ದೆಯಾಗಿ ಬೆರಳು ಮರಗಟ್ಟಿತ್ತು. ಫೋಟೊ ತೆಗೆಯಲು ಪ್ರತಿ ಸಲ ಬಿಚ್ಚಬೇಕಿತ್ತು. ಈ ಸಲ ಏನು ನೋಡಿ ಕೊಳ್ಳಲಿ?

ಉತ್ತರ: ದಪ್ಪನೆಯದು ಒಂದೇ ಜೊತೆ ಸಾಲದು. ಉಣ್ಣೆ ಅಥವಾ ಫ್ಲೀಸ್‌ನ ತೆಳುವಾದ ಒಳಗ್ಲೌಸ್, ಅದರ ಮೇಲೆ ನೀರು ತಡೆಯುವ ಹೊರಗ್ಲೌಸ್, ಹೀಗೆ ಎರಡನ್ನು ಬೇರೆಬೇರೆಯಾಗಿ ಕೊಳ್ಳಿ. ಹತ್ತಿಯ ಒಳಪದರ ಬೇಡವೇ ಬೇಡ, ಒದ್ದೆಯಾದರೆ ಬೇಗ ಆರುವುದಿಲ್ಲ.

ನಿಮ್ಮ ಗ್ಲೌಸ್ ಸೋರಿತ್ತು ಅಂತಲೇ ಹೇಳಲಾಗದು. ನೀರು ತಡೆಯುವ ಪೊರೆ ಹೊರಬಟ್ಟೆಯ ಕೆಳಗಿರುತ್ತದೆ. ಹೊರಬಟ್ಟೆಗೆ ಬಳಿದಿದ್ದ ಲೇಪ ಸವೆದರೆ ಬಟ್ಟೆ ನೀರು ಕುಡಿಯುತ್ತದೆ. ಆಗ ಬೆವರಿನ ಆವಿ ಹೊರಹೋಗಲಾರದೆ ಒಳಗೇ ನೀರಾಗುತ್ತದೆ. ಮಣಿಕಟ್ಟಿನ ಕಡೆಯಿಂದ ನುಗ್ಗಿದ ಹಿಮವೂ ಒಳಗೆ ಕರಗುತ್ತದೆ. ಹಾಗಾಗಿ ಜಾಕೆಟ್ ತೋಳಿನ ಮೇಲೆ ಬಂದು, ದಾರ ಎಳೆದು ಬಿಗಿ ಮಾಡಬಹುದಾದ ಉದ್ದ ಪಟ್ಟಿಯದ್ದನ್ನೇ ಆರಿಸಿ.

ಕೊಂಡ ಮೇಲೆ ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಬೆರಳುಗಳಿಗೆ ಟಿಶ್ಯೂ ಸುತ್ತಿ ಹೊರಗ್ಲೌಸ್ ಹಾಕಿ. ಪಟ್ಟಿ ಮುಳುಗದಂತೆ ಬಕೆಟ್ ತಣ್ಣೀರಿನಲ್ಲಿ 5 ನಿಮಿಷ ಕೈಯಿಟ್ಟು, ಮುಷ್ಟಿ ಬಿಗಿದು ಬಿಚ್ಚುತ್ತಿರಿ. ಬರೀ ತಂಪು ತಗುಲಿದರೂ ಒದ್ದೆಯಾದ ಹಾಗೆ ಅನ್ನಿಸುತ್ತದೆ, ಅದಕ್ಕೇ ಟಿಶ್ಯೂ. ಒಂದೇ ಕಡೆ, ಹೊಲಿಗೆಯ ಬಳಿ ನೆನೆದಿದ್ದರೆ ಅದು ಸೋರಿಕೆ. ಎಲ್ಲ ಕಡೆ ಸ್ವಲ್ಪ ತೇವವಿದ್ದರೆ ಬೆವರು. ಆಮೇಲೆ ಬರಿಗೈ ಒದ್ದೆ ಮಾಡಿಕೊಂಡು ಗ್ಲೌಸ್ ಹಾಕಿ ತೆಗೆಯಿರಿ. ಒಳಪದರ ಬೆರಳಿನ ಜೊತೆಗೇ ಕಿತ್ತು ಬಂದರೆ ವಾಪಸ್ ಕೊಡಿ. ಹಿಮದಲ್ಲಿ ನಿಂತು ಅದನ್ನು ಮತ್ತೆ ಒಳಗೆ ತೂರಿಸುವುದು ನರಕ.

ಒಳಗೆ ತುಂಬಿರುವುದು ಸಿಂಥೆಟಿಕ್ ಆಗಿರಲಿ. ಹಕ್ಕಿಪುಕ್ಕ ನೆಂದರೆ ಮುದ್ದೆಯಾಗಿ ಬಿಸಿ ಹಿಡಿಯುವುದಿಲ್ಲ. ಒಳಗ್ಲೌಸ್ ಹಾಕಿಕೊಂಡೇ ಅಳತೆ ನೋಡಿ. ಮುಷ್ಟಿ ಕಟ್ಟಿದಾಗ ಗೆಣ್ಣಿನ ಮೇಲೆ ಬಿಗಿಯಾದರೆ ಒಂದು ಸೈಜ್ ದೊಡ್ಡದು ತೆಗೆದುಕೊಳ್ಳಿ. ಬಿಗಿಯಾದರೆ ಒಳಗಿನ ಗಾಳಿ ಹಿಂಡಿಹೋಗುತ್ತದೆ, ರಕ್ತವೂ ಸರಿಯಾಗಿ ಹರಿಯುವುದಿಲ್ಲ.

ಇನ್ನು ಫೋನ್. ಟಚ್ ಕೆಲಸ ಮಾಡಬೇಕಾದರೆ ವಿದ್ಯುತ್ ಹಾಯುವ ದಾರ ಗ್ಲೌಸ್‌ನ ಹೊರಮೈಯಿಂದ ನಿಮ್ಮ ಚರ್ಮದವರೆಗೆ ಮುಟ್ಟಬೇಕು. ದಪ್ಪ ಗ್ಲೌಸ್‌ನಲ್ಲಿ ನಡುವಿನ ಪದರವೇ ಅದನ್ನು ತಡೆಯುತ್ತದೆ. ಟಚ್ ತುದಿ ಒಳಗ್ಲೌಸ್‌ನಲ್ಲಿದ್ದರೆ ಸಾಕು. ಅಂಗಡಿಯಲ್ಲಿ ಸುಮ್ನೆ ಸ್ಕ್ರೀನ್ ಸವರಿ ನೋಡಬೇಡಿ, ಹೆಬ್ಬೆರಳಿನಿಂದ ಒಂದು ಫೋನ್ ನಂಬರ್ ಒತ್ತಿ. ಬೆರಳಚ್ಚು ಓದುವುದಿಲ್ಲ, ಪಿನ್ ಇಟ್ಟುಕೊಳ್ಳಿ. ಒದ್ದೆ ಸ್ಕ್ರೀನ್ ಮೇಲೆ ಯಾವ ತುದಿಯೂ ನಂಬಿಕೆಗೆ ಬಾರದು. ಜಾಸ್ತಿ ಫೋನ್‌ಗಳಲ್ಲಿ ವಾಲ್ಯೂಮ್ ಬಟನ್ ಒತ್ತಿದರೂ ಫೋಟೊ ಬರುತ್ತದೆ, ಹೊರಗ್ಲೌಸ್ ತೆಗೆಯಬೇಕಾಗಿಯೇ ಇಲ್ಲ.

ಇನ್ನೊಂದು ಜೊತೆ ಒಳಗ್ಲೌಸ್ ಪ್ಲಾಸ್ಟಿಕ್ ಕವರ್‌ನಲ್ಲಿ ಕಟ್ಟಿಡಿ. ತುದಿ ಹತ್ತುವ ದಿನ ನಸುಕಿಗೆ ಮುಂಚೆಯೇ ಹೊರಡಿಸುತ್ತಾರೆ, ಆ ಚಳಿಗೆ ಒಣಗಿದ್ದೇ ಬೇಕು. ಒದ್ದೆಯಾದದ್ದನ್ನು ಬೆಂಕಿಗೆ ಹಿಡಿಯಬೇಡಿ, ಪೊರೆ ಕರಗುತ್ತದೆ. ಹಿಂಡಿ, ರಾತ್ರಿ ಸ್ಲೀಪಿಂಗ್ ಬ್ಯಾಗ್ ಒಳಗೆ ಇಟ್ಟುಕೊಂಡು ಮಲಗಿ. ಪೂರ್ತಿ ಆರದಿದ್ದರೂ ಬೆಳಿಗ್ಗೆ ಮಂಜುಗಟ್ಟಿರುವುದಿಲ್ಲ.