ಬೀರುಲಿರೋ ಹಳೇ ಸೀರೆ, ಬ್ಲೌಸ್

ಪ್ರಶ್ನೆ: ಬೀರು ಖಾಲಿ ಮಾಡ್ತಿದೀನಿ, ಹಳೇ ರೇಷ್ಮೆ ಸೀರೆ ಬ್ಲೌಸುಗಳಲ್ಲಿ ಯಾವ್ದು ಇಟ್ಕೊಳ್ಳೋದು, ಯಾವ್ದು ಆಲ್ಟರ್ ಮಾಡ್ಸೋದು, ಯಾವ್ದು ಬಿಡೋದು?

ಉತ್ತರ: ಮೊದ್ಲು ಸೀರೆ ಮಡಿಕೆ ಬಿದ್ದಿರೋ ಗೆರೆನ ಬೆಳಕಿಗೆ ಹಿಡಿದು ನೋಡಿ, ಯಾಕಂದ್ರೆ ವರ್ಷಗಟ್ಲೆ ಒಂದೇ ಮಡಿಕೇಲಿ ಇಟ್ರೆ ರೇಷ್ಮೆ ಸೀಳೋದು ಅಲ್ಲೇ. ಎರಡೂ ಹೆಬ್ಬೆರಳಿಂದ ಮೆಲ್ಲಗೆ ಎಳೆದಾಗ ಎಳೆ ಬಿಟ್ಕೊಂಡ್ರೆ ಅದನ್ನ ಉಡೋಕಾಗಲ್ಲ, ರಿಪೇರಿಗೂ ದುಡ್ಡು ಹಾಕ್ಬೇಡಿ, ಹೊಲಿಗೆ ಪಕ್ಕದಲ್ಲೇ ಮತ್ತೆ ಹರಿಯುತ್ತೆ. ನಮ್ಮಮ್ಮನ ಸೀರೆ ಒಂದು ಹಿಂಗೇ ಆಗಿತ್ತು, ಒಡಲು ಹೋಗಿತ್ತು ಆದ್ರೆ ಅಂಚು ಸೆರಗು ಗಟ್ಟಿ ಇತ್ತು, ಅಂಚು ಬಿಚ್ಚಿಸಿ ಮಗಳಿಗೆ ಹೊಸ ಬಟ್ಟೆ ಮೇಲೆ ಲಂಗ ಹೊಲಿಸಿದೆ.

ಬ್ಲೌಸ್ ಆದ್ರೆ ಒಳಗಡೆ ತಿರುಗಿಸಿ ಪಕ್ಕದ ಹೊಲಿಗೆ ನೋಡಿ. ಎರಡೂ ಕಡೆ ಒಂದೊಂದು ಇಂಚು ಬಟ್ಟೆ ಬಿಟ್ಟಿದ್ರೆ, ಮುಂದೆ ಹಿಂದೆ ಎರಡೂ ಭಾಗ ಸೇರಿ ಸುತ್ತಳತೆ 3 ಇಂಚಾದ್ರೂ ಸಿಗುತ್ತೆ. ಆದ್ರೆ ಹಳೇ ಹೊಲಿಗೆ ಗುರುತು, ಒಳಗಿನ ಗಾಢ ಬಣ್ಣ ಹೊರಗೆ ಕಾಣುತ್ತೆ, ಕಂಕುಳ ಕೆಳಗಾದ್ರೆ ಪರ್ವಾಗಿಲ್ಲ. ಭುಜ ಬಿಗಿಯಾಗಿದ್ರೆ ಮಾತ್ರ ಬಿಟ್ಬಿಡಿ, ಅಲ್ಲಿ ಬಿಚ್ಚೋಕೆ ಬಟ್ಟೆನೇ ಇರಲ್ಲ. ಕಂಕುಳಲ್ಲಿ ಬೆವರಿಗೆ ಬಣ್ಣ ಹೋಗಿ ಬಟ್ಟೆ ಗರಿಗರಿ ಆಗಿದ್ರೂ ಅಷ್ಟೇ.