ನಾನೂರಕ್ಕೆ ಅರ್ಥ, ಆರುನೂರಕ್ಕೆ ವ್ಯಾಕರಣ?

"ಮಾನ್ಯ ಸಂಪಾದಕರೇ, ನಾನು ಉಡುಪಿಯಲ್ಲಿ ಎಂ.ಎಸ್ಸಿ. ಓದುತ್ತಿದ್ದೇನೆ. ಸಹಪಾಠಿಗಳ ನೆತ್ತಿಯ ಮೇಲಿಂದ ಮಿದುಳಿನ ವಿದ್ಯುತ್ ಅಲೆಗಳನ್ನು ಹಿಡಿಯುವ ಇಇಜಿ ದಾಖಲಿಸಿ, ಅದರ ಆಧಾರದ ಮೇಲೆ ಬರೆದ ಲೇಖನವನ್ನು ನಕ್ಷೆಗಳ ಸಹಿತ ಕಳುಹಿಸಿದ್ದೇನೆ. ಮಿದುಳು ಪದದ ಅರ್ಥವನ್ನು 400 ಮಿಲಿಸೆಕೆಂಡಿಗೆ, ವ್ಯಾಕರಣವನ್ನು 600ಕ್ಕೆ ಗ್ರಹಿಸುತ್ತದೆ ಎಂಬುದು ಅದರ ಸಾರ. ಪ್ರಕಟಣೆಗೆ ಯೋಗ್ಯವೇ? ತಪ್ಪಿದ್ದರೆ ಮುಲಾಜಿಲ್ಲದೆ ತಿಳಿಸಿ."

ಪ್ರಿಯ ಲೇಖಕಿಯವರಿಗೆ,

ನಿಮ್ಮ ಭಾಷೆ ತಿಳಿಯಾಗಿದೆ. ಆದರೆ ಲೇಖನವನ್ನು ಈಗಿರುವ ರೂಪದಲ್ಲಿ ಪ್ರಕಟಿಸಲಾರೆ, ಏಕೆಂದರೆ ಅದರ ತಿರುಳೇ ತಪ್ಪಾಗಿದೆ. ಈ ಹುದ್ದೆಗೆ ಬರುವ ಮೊದಲು ನಾನು ಕೆಲವು ವರ್ಷ ಇಇಜಿ ದಾಖಲಿಸುವ ಕೆಲಸದಲ್ಲಿದ್ದವನು. ಆದ್ದರಿಂದ ಈ ಪತ್ರ ಸ್ವಲ್ಪ ಉದ್ದವಾದರೆ ಕ್ಷಮಿಸಿ.

ಪದ ಕಾಣಿಸಿ 400 ಮಿಲಿಸೆಕೆಂಡಿನ ಸುಮಾರಿಗೆ ತುದಿ ಮುಟ್ಟುವ ಎನ್400 ಎಂಬ ಋಣ ಅಲೆ ಅರ್ಥ ಕೆಟ್ಟಾಗ ಮಾತ್ರ ಹುಟ್ಟುವುದಲ್ಲ. ಓದುವ ಪ್ರತಿಯೊಂದು ನಾಮಪದಕ್ಕೂ ಕ್ರಿಯಾಪದಕ್ಕೂ ಅದು ಏಳುತ್ತದೆ. ಸಂದರ್ಭದಿಂದ ನಿರೀಕ್ಷಿತವಾದ ಪದಕ್ಕೆ ಚಿಕ್ಕದಾಗಿ, ಅನಿರೀಕ್ಷಿತ ಪದಕ್ಕೆ ದೊಡ್ಡದಾಗಿ ಏಳುತ್ತದೆ, ಅಷ್ಟೆ. ನಾವು ನೋಡುವುದು ಈ ಎರಡರ ನಡುವಿನ ವ್ಯತ್ಯಾಸವನ್ನು. ಆ ಎರಡು ಗೆರೆಗಳು ಬೇರ್ಪಡಲು ಶುರುವಾಗುವುದು ಪದ ಕಾಣಿಸಿ 200–250 ಮಿಲಿಸೆಕೆಂಡಿನ ಆಸುಪಾಸಿನಲ್ಲೇ. 400 ಎಂಬುದು ವ್ಯತ್ಯಾಸ ಅತಿ ದೊಡ್ಡದಾಗುವ ಜಾಗ. ಗೆರೆಗಳು ಬೇರ್ಪಟ್ಟ ಗಳಿಗೆಗೆ ಮಿದುಳು ಎರಡು ಪದಗಳನ್ನು ಹೇಗೋ ಬೇರೆ ಮಾಡಿಕೊಂಡಾಗಿತ್ತು ಎಂದಷ್ಟೇ ನಾವು ಖಚಿತವಾಗಿ ಹೇಳಬಹುದು. ಅದಕ್ಕೂ ಮೊದಲೇ ಮಾಡಿಕೊಂಡಿರಲೂಬಹುದು, ನೆತ್ತಿಗೆ ತಲುಪದ ಚಟುವಟಿಕೆಯನ್ನು ವಿದ್ಯುದಗ್ರ ಹಿಡಿಯಲಾರದು. ಸರಾಗವಾಗಿ ಓದುವವರ ಕಣ್ಣು ಒಂದು ಪದದ ಮೇಲೆ ಸುಮಾರು ಕಾಲು ಸೆಕೆಂಡು ಮಾತ್ರ ನಿಲ್ಲುತ್ತದೆ ಎಂಬುದನ್ನೂ ನೆನಪಿಡಿ. ಅರ್ಥ ನಿಜವಾಗಿ 400ಕ್ಕೇ ಹೊಳೆಯುವುದಾದರೆ, ಕಣ್ಣು ಆಗಲೇ ಮುಂದಿನ ಪದಕ್ಕೆ ಹೋಗಿ ಕುಳಿತಿರುತ್ತದೆ.

ಇನ್ನು ಪಿ600, ಅಂದರೆ 600ರ ಸುಮಾರಿಗೆ ಏಳುವ, ನೀವು ವ್ಯಾಕರಣದ ಗುರುತೆಂದು ಹಿಡಿದ ಧನ ಅಲೆ. ಬಿಸಿ ಬ್ರೆಡ್ಡಿಗೆ ಕಾಲುಚೀಲ ಸವರಿದ ವಾಕ್ಯವನ್ನು ನೀವು ಉದಾಹರಿಸಿದ್ದೀರಿ. ಅದು ಮಾರ್ಟಾ ಕುಟಾಸ್ ಮತ್ತು ಸ್ಟೀವನ್ ಹಿಲ್ಯಾರ್ಡ್ 1980ರಲ್ಲಿ ಪ್ರಕಟಿಸಿದ ಪ್ರಯೋಗದ್ದು. ಅದೇ ಪ್ರಯೋಗದಲ್ಲಿ ಇನ್ನೊಂದು ಬಗೆಯ ವಾಕ್ಯಗಳೂ ಇದ್ದವು: ಅರ್ಥವೂ ವ್ಯಾಕರಣವೂ ಸರಿಯಿದ್ದು, ಕೊನೆಯ ಪದವನ್ನು ಮಾತ್ರ ದೊಡ್ಡ ಅಕ್ಷರಗಳಲ್ಲಿ ತೋರಿಸಲಾಗಿತ್ತು. ಅದಕ್ಕೆ ಬಂದದ್ದು ಸುಮಾರು 560 ಮಿಲಿಸೆಕೆಂಡಿಗೆ ಏರುವ ಧನ ಅಲೆ. ಅಂದರೆ ತಡವಾದ ಧನ ಅಲೆಗೆ ವ್ಯಾಕರಣದೋಷವೇ ಬೇಕೆಂದಿಲ್ಲ, ಅಕ್ಷರದ ಗಾತ್ರ ಕಣ್ಣಿಗೆ ಹೊಡೆದರೂ ಸಾಕು. ಪಿ600 ಎಂಬುದು ಅಪರೂಪದ, ಗಮನಿಸಲೇಬೇಕಾದ ಘಟನೆಗಳಿಗೆ ಏಳುವ ಪಿ300ರ ಬಂಧುವೇ ಎಂಬ ವಾದ ಇಂದಿಗೂ ಮುಗಿಯದಿರುವುದು ಇದರಿಂದಲೇ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ 2005ರಲ್ಲಿ ಆಲ್ಬರ್ಟ್ ಕಿಮ್ ಮತ್ತು ಲೀ ಆಸ್ಟರ್‌ಹೌಟ್ ಅವರಿಂದ ಬಂತು. ಹೊಟ್ಟೆ ತುಂಬುವಂಥ ಊಟವೇ ಮಕ್ಕಳನ್ನು ಕಬಳಿಸುತ್ತಿತ್ತು ಎಂಬರ್ಥದ ಇಂಗ್ಲಿಷ್ ವಾಕ್ಯದಲ್ಲಿ ವ್ಯಾಕರಣ ಸರಿಯಿದೆ, ಕೆಟ್ಟಿರುವುದು ಅರ್ಥ. ನಿಮ್ಮ ಲೇಖನದ ಪ್ರಕಾರ ಎನ್400 ದೊಡ್ಡದಾಗಬೇಕಿತ್ತು. ಆಗಲಿಲ್ಲ, ಪಿ600 ಎದ್ದಿತು. ಊಟದ ಬದಲು ಧೂಳು ಹಿಡಿದ ಮೇಜು ಕಬಳಿಸಿದಾಗ ಮಾತ್ರ ಎನ್400 ದೊಡ್ಡದಾಯಿತು. ಊಟಕ್ಕೂ ಕಬಳಿಸುವುದಕ್ಕೂ ಮನಸ್ಸಿನಲ್ಲಿ ಆಗಲೇ ನಂಟಿದೆ, ಆದ್ದರಿಂದ ಆ ಕ್ರಿಯಾಪದ ಸುಲಭವಾಗಿ ಒದಗಿತು; ತಿಂದವರು ಯಾರು, ತಿನ್ನಿಸಿಕೊಂಡದ್ದು ಯಾವುದು ಎಂದು ಜೋಡಿಸುವಾಗ ತೊಡಕಾಯಿತು ಎಂಬುದು ಒಂದು ಓದು. ಹಾಗಾದರೆ ಎನ್400 ಪದದ ಅರ್ಥ ಎಷ್ಟು ಸಲೀಸಾಗಿ ಒದಗಿತು ಎಂಬುದರ ಅಳತೆಯಾಗುತ್ತದೆ, ಪಿ600 ಎಂಬುದು ಆಗಿಹೋದ ಜೋಡಣೆಯನ್ನು ಮರಳಿ ನೋಡುವುದರ ಅಳತೆಯಾಗುತ್ತದೆ. ನಿಮ್ಮ ಲೇಖನಕ್ಕೆ ಇದೇ ಬೆನ್ನೆಲುಬಾಗಬೇಕು. ಒಂದು ಎಚ್ಚರಿಕೆ: ಈ ವಾಕ್ಯವನ್ನು ಕನ್ನಡಕ್ಕೆ ತಂದು ಪ್ರಯೋಗ ಮಾಡಲು ಹೋಗಬೇಡಿ. ಇಂಗ್ಲಿಷಿನಲ್ಲಿ ಅಳೆದದ್ದು ಕ್ರಿಯಾಪದದಲ್ಲಿ, ಪದಗಳು ಒಂದೊಂದಾಗಿ ಕಾಣುವ ಪರದೆಗೆ ಆಗ 'ಮಕ್ಕಳು' ಎಂಬ ಪದ ಇನ್ನೂ ಬಂದಿರಲಿಲ್ಲ. ಕನ್ನಡದಲ್ಲಿ ಕ್ರಿಯಾಪದಕ್ಕೆ ಮೊದಲೇ 'ಮಕ್ಕಳನ್ನು' ಬಂದು ಓದುವವರನ್ನು ಎಚ್ಚರಿಸಿಬಿಡುತ್ತದೆ.

ಈಗ ನಿಮ್ಮದೇ ದಾಖಲೆಗೆ ಬರೋಣ. 'ಮೀನುಗಾರರು ಬಲೆ ಎಳೆದಳು' ಎಂಬಂಥ ವಾಕ್ಯಗಳಿಗೆ ಪಿ600 ಬಂದಿದೆ, ಸಂತೋಷ. ಅದಕ್ಕೆ ಮುಂಚೆ 300ರಿಂದ 500ರವರೆಗೆ ಒಂದು ಸಣ್ಣ ಋಣ ಅಲೆಯೂ ಇದೆ. ಲಿಂಗವಚನ ತಪ್ಪಿದರೆ ಅರ್ಥವೂ ಕಲಕುತ್ತದೆ ಎಂಬುದಕ್ಕೆ ಅದನ್ನು ಸಾಕ್ಷಿ ಮಾಡಿದ್ದೀರಿ. ಆ ಅಲೆ ನಿಮ್ಮ ಸಹಪಾಠಿಗಳ ತಲೆಯಿಂದ ಬಂದದ್ದೆಂದು ನನಗನ್ನಿಸುವುದಿಲ್ಲ. ನಕ್ಷೆಯ ಅಡಿಯಲ್ಲಿ 1 ಹರ್ಟ್ಸ್ ಹೈಪಾಸ್ ಫಿಲ್ಟರ್ ಎಂದು ಬರೆದಿದ್ದೀರಿ, ಸೆಕೆಂಡಿಗೆ ಒಂದಕ್ಕಿಂತ ನಿಧಾನವಾದ ಏರಿಳಿತವನ್ನು ಸೋಸಿಬಿಡುವ ಜರಡಿ ಅದು. ಯಾಕೆ ಹಾಕಿದಿರೆಂದು ಊಹಿಸಬಲ್ಲೆ: ನಮ್ಮ ಕರಾವಳಿಯ ಏಪ್ರಿಲ್ ಸೆಕೆಯಲ್ಲಿ ವಿದ್ಯುದಗ್ರಗಳ ಟೋಪಿ ಹಾಕಿ ಕೂತರೆ ನೆತ್ತಿ ಬೆವರುತ್ತದೆ, ಬೆವರಿನಿಂದ ಗೆರೆ ನಿಧಾನವಾಗಿ ಮೇಲೆ ಕೆಳಗೆ ತೇಲುತ್ತದೆ, ಆ ತೇಲಾಟವನ್ನು 1 ಹರ್ಟ್ಸ್ ಚೊಕ್ಕವಾಗಿ ಒರೆಸುತ್ತದೆ. ಆದರೆ ಪಿ600 ಕೂಡ ಅರ್ಧ ಸೆಕೆಂಡಿಗೂ ಹೆಚ್ಚು ಹೊತ್ತು ಹರಡಿಕೊಳ್ಳುವ ನಿಧಾನದ ಅಲೆ. ಫಿಲ್ಟರ್ ಅದನ್ನೂ ಕೆರೆಯುತ್ತದೆ. ಸಮಯದಲ್ಲಿ ಹಿಂದಕ್ಕೂ ಮುಂದಕ್ಕೂ ಓಡುವ ಫಿಲ್ಟರ್ ಆದರೆ ಅಲೆಯ ಎರಡೂ ಮಗ್ಗುಲಲ್ಲಿ ತಿರುಗುಮುರುಗಾದ ತಗ್ಗು ಮೂಡಿಸುತ್ತದೆ. ಮುಂಚಿನ ತಗ್ಗು ಸರಿಯಾಗಿ ಎನ್400ರ ಜಾಗದಲ್ಲೇ ಬೀಳುತ್ತದೆ. 2015ರಲ್ಲಿ ಟ್ಯಾನರ್ ಮತ್ತು ಸಂಗಡಿಗರು ತೋರಿಸಿಕೊಟ್ಟದ್ದು ಇದನ್ನೇ.

ಪರೀಕ್ಷಿಸುವುದು ಕಷ್ಟವಲ್ಲ. ತುಂಡು ಮಾಡದ ಮೂಲ ದಾಖಲೆಗೆ ಮರಳಿ, 1ರ ಬದಲು 0.1 ಹರ್ಟ್ಸ್ ಹಾಕಿ, ಉಳಿದೆಲ್ಲವನ್ನೂ ಹಾಗೆಯೇ ಇಟ್ಟು ಸರಾಸರಿ ತೆಗೆಯಿರಿ. ಪಿ600 ದೊಡ್ಡದಾಗಿ, ಮುಂಚಿನ ತಗ್ಗು ಮಾಯವಾದರೆ ಅದು ಫಿಲ್ಟರಿನ ಕೂಸು. ತೇಲಾಟ ಹೆಚ್ಚಾದ ತುಣುಕುಗಳನ್ನು ಕೈಬಿಡಿ. ಮುಂದಿನ ಸಲ ಕೋಣೆಯ ಎಸಿಯನ್ನು ಅರ್ಧ ಗಂಟೆ ಮೊದಲೇ ಹಾಕಿ.

ಕೊನೆಯ ತಕರಾರು ಎರಡನೆಯ ನಕ್ಷೆಯ ಬಗ್ಗೆ. ಅದೇ ವಾಕ್ಯಗಳನ್ನು ಕೇಳಿಸಿದಾಗ ಪಿ600 ಸುಮಾರು 900ಕ್ಕೆ ಬಂತು, ಆದ್ದರಿಂದ ಕೇಳುವಾಗ ವ್ಯಾಕರಣ ನಿಧಾನ ಎಂದಿದ್ದೀರಿ. ನೀವು ಜೊತೆಗಿಟ್ಟ ಧ್ವನಿಕಡತವನ್ನು ತೆರೆದು ನೋಡಿದೆ. 'ಎಳೆದರು', 'ಎಳೆದಳು' ಎರಡರಲ್ಲೂ 'ಎಳೆದ' ಒಂದೇ. 'ಳು' ಶುರುವಾಗುವುದು ಪದ ಶುರುವಾಗಿ ಸುಮಾರು 310 ಮಿಲಿಸೆಕೆಂಡಿನ ನಂತರ. ಅಲ್ಲಿಯವರೆಗೆ ತಪ್ಪೇ ಆಗಿಲ್ಲ, ಮಿದುಳು ಗುರುತಿಸುವುದಾದರೂ ಏನನ್ನು? ಪರದೆಯ ಮೇಲೆ ಇಡೀ ಪದ ಒಮ್ಮೆಗೇ ಕಾಣುವುದರಿಂದ ಸಮಯ ಎಣಿಸಲು ಶುರುಮಾಡುವ ಸೊನ್ನೆಯನ್ನು ಪದದ ಆರಂಭಕ್ಕೆ ಇಡಬಹುದು, ಕಿವಿಗೆ ಹಾಗಲ್ಲ. ಸೊನ್ನೆಯನ್ನು 'ಳು'ವಿನ ಆರಂಭಕ್ಕೆ ಸರಿಸಿದರೆ ನಿಮ್ಮ 900 ಎಂಬುದು 590 ಆಗುತ್ತದೆ. ಒಂದೊಂದು ವಾಕ್ಯದಲ್ಲಿ ಪ್ರತ್ಯಯ ಒಂದೊಂದು ಹೊತ್ತಿಗೆ ಬರುವುದರಿಂದ ಪ್ರತಿ ಕಡತಕ್ಕೂ ಇದನ್ನು ಬೇರೆಬೇರೆಯಾಗಿ ಗುರುತಿಸಬೇಕು. ಇಲ್ಲದಿದ್ದರೆ ಸರಾಸರಿಯಲ್ಲಿ ಅಲೆಗಳು ಒಂದರ ಮೇಲೊಂದು ಕೂರದೆ ತಗ್ಗಿ, ಅಗಲವಾಗಿ ಹರಡುತ್ತವೆ. ನಿಮ್ಮ ಎರಡನೆಯ ನಕ್ಷೆಯ ದಿಬ್ಬ ಅಷ್ಟು ಚಪ್ಪಟೆಯಾಗಿರುವುದಕ್ಕೆ ಇದೂ ಒಂದು ಕಾರಣವಿರಬೇಕು.

ಎರಡೂ ನಕ್ಷೆಗಳನ್ನು ಹೀಗೆ ಹೊಸದಾಗಿ ತೆಗೆದು, 0.1 ಮತ್ತು 1 ಹರ್ಟ್ಸಿನ ಗೆರೆಗಳನ್ನು ಒಂದೇ ಚೌಕಟ್ಟಿನಲ್ಲಿ ಕೊಟ್ಟು ಕಳುಹಿಸಿ. ಅವನ್ನು ನೋಡಿದ ಮೇಲೆ ಉಳಿದ ಬರಹದ ಬಗ್ಗೆ ಮಾತಾಡೋಣ. ಋಣ ದಿಕ್ಕನ್ನು ಮೇಲಕ್ಕೆ ಬರೆಯುವ ಹಳೆಯ ಪದ್ಧತಿಯನ್ನು ನೀವು ಉಳಿಸಿಕೊಳ್ಳುವುದಾದರೆ, ಅದನ್ನು ಅಕ್ಷದ ಪಕ್ಕದಲ್ಲೇ ಬರೆದುಬಿಡಿ. ಕರಡು ತಿದ್ದುವವರು ನಿಮ್ಮ ಪಿ600 ತಲೆಕೆಳಗಾಗಿದೆ ಎಂದು ಚಿತ್ರವನ್ನೇ ತಿರುಗಿಸಿಟ್ಟಿದ್ದರು.

ಇತಿ,
ಸಂಪಾದಕ, ವಿಜ್ಞಾನ ವಿಭಾಗ
ಮಂಗಳೂರು